ಒಂದು ಪಂಪಿಗೆ ಎಷ್ಟು?

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಕಾಕಾ ಹತ್ತಿಗೆ ಎಣ್ಣೆ ಹೊಡೆಯೋಕೆ ತಯಾರಾಗ್ತಿದ್ರು. ಡಬ್ಬಿಯ ಜೊತೆ ಬಂದ ಕರಪತ್ರ ನನ್ನ ಕೈಗೆ ಕೊಟ್ಟು, "ನೀ ಇಂಜಿನಿಯರ್ ಓದಾಕತ್ತಿ. ಒಂದ್ ಪಂಪಿಗೆ ಎಷ್ಟ್ ಹಾಕಬೇಕು, ಅಷ್ಟ್ ಹೇಳು" ಅಂದ್ರು. ಕರಪತ್ರ ಕನ್ನಡದಲ್ಲೇ ಇತ್ತು. ಆದರೂ ನಾನು ಮೊಬೈಲಿನ ಕ್ಯಾಲ್ಕುಲೇಟರ್ ತೆಗೀಬೇಕಾಯ್ತು.

ಔಷಧ ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್. ಹತ್ತಿ ಬೆಳೆಯ ಎದುರಿಗೆ ಹೀಗೆ ಬರೆದಿತ್ತು: ಸಕ್ರಿಯ ಘಟಕ 20–25 ಗ್ರಾಂ, ಪ್ರಮಾಣ ಹೆಕ್ಟೇರಿಗೆ 100–125 ಮಿ.ಲೀ., ನೀರು 500–700 ಲೀಟರ್, ನಿರೀಕ್ಷಣಾ ಅವಧಿ 40 ದಿನ. ಇದರಲ್ಲಿ ಒಂದಂಕಿಯೂ ತಪ್ಪಿಲ್ಲ. ಆದ್ರೆ ಕಾಕಾನ ಹೊಲ ಎಕರೆ–ಗುಂಟೆ ಲೆಕ್ಕದಲ್ಲಿದೆ, ನೀರು 16 ಲೀಟರಿನ ಬೆನ್ನ ಪಂಪಿನಲ್ಲಿದೆ, ಅಳತೆಗೆ ಇರೋದು ಡಬ್ಬಿಯ ಮುಚ್ಚಳ. ಕರಪತ್ರ ಮಾತಾಡೋ ಭಾಷೆ ಕನ್ನಡ, ಲೆಕ್ಕ ಮಾತ್ರ ಲ್ಯಾಬಿನದು.

ಲೆಕ್ಕ ಹಾಕಿ ನೋಡೋಣ. ಒಂದು ಹೆಕ್ಟೇರ್ ಅಂದ್ರೆ ಸುಮಾರು ಎರಡೂವರೆ ಎಕರೆ. ಹಾಗಾಗಿ ಎಕರೆಗೆ 40ರಿಂದ 50 ಮಿ.ಲೀ. ಔಷಧ, ಕನಿಷ್ಠ 200 ಲೀಟರ್ ನೀರು. 200 ಲೀಟರ್ ಅಂದ್ರೆ ಹನ್ನೆರಡೂವರೆ ಪಂಪು. ಪಂಪಿಗೆ ಬರೋದು 3ರಿಂದ 4 ಮಿ.ಲೀ. ಮಾತ್ರ! ಮುಚ್ಚಳ 10 ಮಿ.ಲೀ. ಹಿಡಿಯುವಂಥದ್ದಾದರೆ, ಪಂಪಿಗೊಂದು ಮುಚ್ಚಳದಂತೆ ಎಕರೆಗೆ 125 ಮಿ.ಲೀ. ಹೋಗುತ್ತೆ. ಅದು ಇಡೀ ಹೆಕ್ಟೇರಿನ ಗರಿಷ್ಠ ಪ್ರಮಾಣ. ಇಂಥ ತಪ್ಪಿಗೆ ರೈತನ ಅಜಾಗ್ರತೆ ಕಾರಣ ಅನ್ನೋದನ್ನ ನಾನು ಒಪ್ಪಲ್ಲ. ಎರಡು ಗುಣಾಕಾರ, ಎರಡು ಭಾಗಾಕಾರವನ್ನ ಹೊಲದ ಬದುವಿನ ಮೇಲೆ ನಿಂತು ಮಾಡು ಅಂತ ಬಿಟ್ಟದ್ದು ಕರಪತ್ರ ಬರೆದವರು.

ಇನ್ನೂ ಒಂದು ತೊಡಕಿದೆ. "ಪಂಪಿಗೆ 3 ಮಿ.ಲೀ." ಅಂತಷ್ಟೇ ಬರೆದರೂ ಸಾಲದು. ಬೇಗಬೇಗ ನಡೆಯೋರು ಎಂಟೇ ಪಂಪಿಗೆ ಎಕರೆ ಮುಗಿಸ್ತಾರೆ. ಆಗ ಹೋಗೋದು 24 ಮಿ.ಲೀ. ಹುಳ ಸಾಯಲ್ಲ, ಮುಂದಿನ ಸಲ ಸಿಟ್ಟಿಗೆ ಎರಡು ಪಟ್ಟು ಹಾಕ್ತಾರೆ. ಅದಕ್ಕೆ ಸಾಲು ಹೀಗಿರಲಿ: "ಗುಂಟೆಗೆ 1 ಮಿ.ಲೀ. ಒಂದು ಪಂಪು ನೀರಿಗೆ 3 ಮಿ.ಲೀ. ಹಾಕಿ, 3 ಗುಂಟೆಗೆ ಹೊಡೆಯಿರಿ. ಮೊದಲು ಬರೀ ನೀರು ಹೊಡೆದು ನೋಡಿ. 3 ಗುಂಟೆ ದಾಟಿದರೆ ನಿಧಾನ ನಡೆಯಿರಿ. 4 ಮಿ.ಲೀ. ಮೀರಬೇಡಿ. ಮುಚ್ಚಳದಲ್ಲಿ ಅಳೆಯಬೇಡಿ. ಸೂಜಿ ಇಲ್ಲದ ಸಿರಿಂಜು ಬಳಸಿ, ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ." 40 ಗುಂಟೆಗೆ 40 ಮಿ.ಲೀ. ಕೂಡಿ ಬರೋದ್ರಿಂದ ನೆನಪಿಡೋದೂ ಸುಲಭ. ಮೂಲ ಅಂಕಿಯನ್ನ ನಾವು ಬದಲಿಸಿಲ್ಲ, ಬದಲಿಸಲೂಬಾರದು. ಹೇಳುವ ಅಳತೆ ಮಾತ್ರ ಬದಲಾಗಿದೆ.

ಎಚ್ಚರಿಕೆಗಳ ಕಥೆಯೂ ಇದೇ. "ಸೂಕ್ತ ರಕ್ಷಣಾ ಉಡುಪು ಧರಿಸತಕ್ಕದ್ದು" ಅಂತ ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು. ಯಾವಾಗ, ಯಾಕೆ ಅಂತಿಲ್ಲ. ಕೈಗವಸು ಎಲ್ಲಕ್ಕಿಂತ ಹೆಚ್ಚು ಬೇಕಾಗೋದು ಡಬ್ಬಿ ತೆರೆದು ಅಳೆಯುವಾಗ, ಯಾಕಂದ್ರೆ ಆಗ ಔಷಧಕ್ಕೆ ಇನ್ನೂ ನೀರು ಬೆರೆತಿರಲ್ಲ. ಎಚ್ಚರಿಕೆಗಳು ಕೆಲಸದ ಕ್ರಮದಲ್ಲೇ ಬರಲಿ. ಡಬ್ಬಿ ತೆರೆಯುವ ಮುನ್ನ ಕೈಗವಸು. ಹೊಡೆಯುವಾಗ ಗಾಳಿ ಬೆನ್ನ ಕಡೆಯಿಂದ ಬರಲಿ. ನಾಝಲ್ ಕಟ್ಟಿದರೆ ಬಾಯಿಂದ ಊದಬೇಡಿ. ಹೂವಿಗೆ ಜೇನ್ನೊಣ ಬರುತ್ತಿದ್ದರೆ ಹೊಡೆಯಬೇಡಿ. "ನಿರೀಕ್ಷಣಾ ಅವಧಿ 40 ದಿನ" ಅನ್ನೋದು "ಹೊಡೆದ ಮೇಲೆ 40 ದಿನ ಹತ್ತಿ ಬಿಡಿಸಬೇಡಿ" ಆಗಲಿ. ಡಬ್ಬಿಯ ಮೇಲಿನ ಬಣ್ಣದ ಚಿಹ್ನೆಯನ್ನೂ ಬಿಡಿಸಿ ಹೇಳಬೇಕು. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದ್ರೆ ವಿಷ ಕಡಿಮೆ ಅಂತಷ್ಟೇ, ಇಲ್ಲವೇ ಇಲ್ಲ ಅಂತಲ್ಲ.

ಇನ್ನು ಪ್ರಯೋಜನ. "ಸಂಪೂರ್ಣ ರಕ್ಷಣೆ" ಅನ್ನೋ ಮಾತು ಜಾಹೀರಾತಿಗಿರಲಿ. "ರಸ ಹೀರುವ ಹೇನು, ಜಿಗಿಹುಳ, ಬಿಳಿನೊಣ, ಥ್ರಿಪ್ಸ್‌ಗೆ ಮಾತ್ರ. ಕಾಯಿಕೊರಕ ಇದರಿಂದ ಸಾಯಲ್ಲ" ಅಂತ ಬರೆದರೆ ರೈತನ ದುಡ್ಡು ಉಳಿಯುತ್ತೆ. ಏನು ಮಾಡಲ್ಲ ಅಂತ ಹೇಳೋದೂ ಪ್ರಯೋಜನ ಹೇಳಿದ ಹಾಗೇ.

ಇದಕ್ಕೆ ವಿರೋಧ ಏನು ಬರುತ್ತೆ ಅಂತ ಗೊತ್ತು. ಪಂಪುಗಳ ಅಳತೆ ಬೇರೆ ಬೇರೆ, ಕಾನೂನು ಕೇಳೋ ಮಾಹಿತಿಯೇ ಬಹಳ, ಜಾಗ ಎಲ್ಲಿದೆ? ಅದಕ್ಕೇ ಗುಂಟೆಯ ಲೆಕ್ಕ ಮೇಲಿರಲಿ, ಅದು ಯಾವ ಪಂಪಿಗೂ ನಿಲ್ಲುತ್ತೆ. ಕಾನೂನಿನ ಪಟ್ಟಿ ಹಿಂದಿನ ಪುಟದಲ್ಲಿ ಹಾಗೇ ಇರಲಿ.

ನಾವು ಸೆಮಿನಾರಿನಲ್ಲಿ "ಅರ್ಥ ಆಯ್ತಾ?" ಅಂದ್ರೆ ಎಲ್ಲರೂ ತಲೆಯಾಡಿಸ್ತೀವಿ. ಕರಪತ್ರವನ್ನ ಹಾಗೆ ಪರೀಕ್ಷಿಸಬಾರದು. ಅದನ್ನ ಐದು ಜನ ರೈತರ ಕೈಗೆ ಕೊಟ್ಟು, ಸಿರಿಂಜು ಮತ್ತು ಬಣ್ಣದ ನೀರು ಮುಂದಿಟ್ಟು, "ಒಂದು ಪಂಪಿಗೆ ಬೇಕಾದಷ್ಟು ತೆಗೀರಿ" ಅನ್ನಬೇಕು. ಅಳತೆ 3–4 ಮಿ.ಲೀ. ದಾಟಿದರೆ ತಪ್ಪಿದ್ದು ಕೈಯಲ್ಲ, ಕಾಗದ. ಮತ್ತೆ ಬರೀಬೇಕು.