ಅಡವು ಬಂಗಾರದ ಬಡ್ಡಿ: ತಪ್ಪು ಚಕ್ರಬಡ್ಡಿಯದ್ದು ಮಾತ್ರವಲ್ಲ



ನಮ್ಮ ಧಂದೆಯಲ್ಲಿ ಹಣದ ಅಡಚಣೆ ಬಂದಾಗ ಮೊದಲು ನೆನಪಾಗುವುದು ಮನೆಯವರ ಬಂಗಾರ. ಲೀವ್ ಆಂಡ್ ಲೈಸೆನ್ಸ್ ನವೀಕರಣಕ್ಕೆ ಡಿಪಾಸಿಟ್ ಹೆಚ್ಚಿಸಬೇಕು, ಗ್ರೈಂಡರ್ ಕೈಕೊಟ್ಟಿದೆ, ಕೆಲಸದ ಹುಡುಗರು ಊರಿಗೆ ಹೊರಡುವಾಗ ಬಾಕಿ ಚುಕ್ತ ಮಾಡಬೇಕು. ಬ್ಯಾಂಕಿನ ಸಾಲಕ್ಕೆ ಕಾಗದಪತ್ರ ಹೊಂದಿಸುವಷ್ಟರಲ್ಲಿ ತಿಂಗಳು ಕಳೆಯುತ್ತದೆ. ಬಂಗಾರವಾದರೆ ಒಂದು ಗಂಟೆಯಲ್ಲಿ ಹಣ ಕೈಗೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿಡಿಸಲು ಹೋದಾಗ ಸ್ಟೇಟ್‌ಮೆಂಟ್ ನೋಡಿ, "ಚಕ್ರಬಡ್ಡಿ ಹಾಕಿ ಮೋಸ ಮಾಡಿದರು" ಎಂದು ಕೂಗಾಡುವವರನ್ನು ನಾನು ಆಗಾಗ ನೋಡುತ್ತೇನೆ. ನನ್ನ ಅಭಿಪ್ರಾಯದಲ್ಲಿ ಅವರ ಸಿಟ್ಟು ನಿಜ, ಆದರೆ ಬೊಟ್ಟು ತೋರಿಸುವ ಜಾಗ ಬೇರೆ.

ಠಾಣೆ ಕಡೆಯ ನಮ್ಮ ಸದಸ್ಯರೊಬ್ಬರು ಇತ್ತೀಚೆಗೆ ತಮ್ಮ ಸ್ಟೇಟ್‌ಮೆಂಟ್ ತಂದು ನನ್ನ ಮುಂದೆ ಇಟ್ಟರು. ಇಬ್ಬರೂ ಗಲ್ಲಾದ ಪಕ್ಕ ಕ್ಯಾಲ್ಕುಲೇಟರ್ ಹಿಡಿದು ಕೂತೆವು. ನಾನು ಎಸ್.ಎಸ್.ಎಲ್.ಸಿ. ಓದಿದವನು, ಆದರೆ ಈ ಲೆಕ್ಕಕ್ಕೆ ಅದಕ್ಕಿಂತ ಹೆಚ್ಚು ಓದು ಬೇಕಾಗಿಲ್ಲ.

ಅವರು ಮೇ ಒಂದರಂದು ಐದು ಲಕ್ಷ ತೆಗೆದುಕೊಂಡಿದ್ದರು. ಬೋರ್ಡಿನಲ್ಲಿ ಬರೆದದ್ದು ವರ್ಷಕ್ಕೆ ಶೇಕಡಾ 12, ಅಂದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಜೂನ್ ಕೊನೆಗೆ 50,000 ಕಟ್ಟಿದರು, ಸೆಪ್ಟೆಂಬರ್ ಕೊನೆಗೆ ಮತ್ತೆ 50,000. ನಡುವೆ ಏನೂ ಕಟ್ಟಲಿಲ್ಲ. ಡಿಸೆಂಬರ್ ಕೊನೆಗೆ ಎಂಟು ತಿಂಗಳಾಯಿತು. ಅವರ ಮನಸ್ಸಿನ ಲೆಕ್ಕ ಸರಳ: ಮೊದಲ ಎರಡು ತಿಂಗಳು ಐದು ಲಕ್ಷಕ್ಕೆ ಬಡ್ಡಿ, ಮುಂದಿನ ಮೂರು ತಿಂಗಳು ನಾಲ್ಕೂವರೆ ಲಕ್ಷಕ್ಕೆ, ಕೊನೆಯ ಮೂರು ತಿಂಗಳು ನಾಲ್ಕು ಲಕ್ಷಕ್ಕೆ. ಒಟ್ಟು ಬಡ್ಡಿ 35,500. ಹಾಗಾಗಿ 4,35,500 ಕೊಟ್ಟರೆ ಬಂಗಾರ ಮನೆಗೆ. ಆದರೆ ಕೌಂಟರಿನಲ್ಲಿ ಕೇಳಿದ್ದು ಸುಮಾರು 4,56,300. ಇಪ್ಪತ್ತೊಂದು ಸಾವಿರಕ್ಕೆ ಹತ್ತಿರ ಹತ್ತಿರ ಹೆಚ್ಚು!

ಇದು ಎಲ್ಲಿಂದ ಬಂತು? ಅವರ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಬಡ್ಡಿಯ ದರ ಶೇಕಡಾ 18. ಪ್ರತಿ ಮೂವತ್ತು ದಿನದೊಳಗೆ ಅಲ್ಲಿಯವರೆಗಿನ ಬಡ್ಡಿ ಪೂರ್ತಿ ಕಟ್ಟಿದವರಿಗೆ ಶೇಕಡಾ 6 ರಿಯಾಯಿತಿ. ಮೂವತ್ತು ದಿನ ದಾಟಿದರೆ ರಿಯಾಯಿತಿ ಇಲ್ಲ, ಹಿಂದಿನ ಬಡ್ಡಿ ತೀರಿಸಿದ ದಿನದಿಂದಲೇ 18ರ ಲೆಕ್ಕ. ಕಟ್ಟದ ಬಡ್ಡಿ ತಿಂಗಳ ಕೊನೆಗೆ ಅಸಲಿಗೆ ಸೇರುತ್ತದೆ. ಅಂದರೆ ಬೋರ್ಡಿನ 12 ನಿಜವಾದ ದರ ಅಲ್ಲ, ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಕೊಡುವ ಇನಾಮು.

ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಎಂದು ಹಿಡಿದು ನೋಡಿ. ಮೇ ಕೊನೆಗೆ ಐದು ಲಕ್ಷ ಹೋಗಿ 5,07,500 ಆಯಿತು. ಜೂನಿನಲ್ಲಿ ಆ 7,500ಕ್ಕೂ ಬಡ್ಡಿ ಹತ್ತಿ 5,15,112. ಆಗ ನಮ್ಮವರು ಕೊಟ್ಟ 50,000ದಲ್ಲಿ ಮೊದಲು ಬಡ್ಡಿಗೆ 15,112 ಮುರಿದುಕೊಂಡರು. ಅಸಲಿಗೆ ಹೋದದ್ದು 34,888 ಮಾತ್ರ. ಇವರು ನಾಲ್ಕೂವರೆ ಲಕ್ಷ ಉಳಿಯಿತೆಂದು ನಿಶ್ಚಿಂತೆಯಿಂದ ಇದ್ದರು, ಅಲ್ಲಿ 4,65,112 ಇತ್ತು. ಮುಂದಿನ ಮೂರು ತಿಂಗಳಲ್ಲಿ ಮತ್ತೆ 21,245 ಬಡ್ಡಿ. ಎರಡನೆಯ 50,000ದಲ್ಲಿ ಅಸಲಿಗೆ ಹೋದದ್ದು 28,755 ಅಷ್ಟೇ. ಹೀಗೆ ಡಿಸೆಂಬರಿಗೆ 4,56,290. ತಿಂಗಳಿಗೆ ಮೂವತ್ತೊಂದು ದಿನ ಇದ್ದಾಗ ದಿನ ಲೆಕ್ಕದಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ, ಅದು ದೊಡ್ಡ ವಿಷಯವಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇವರ ಸರಳ ಲೆಕ್ಕವನ್ನೇ ಹಾಗೇ ಇಟ್ಟು, ಚಕ್ರಬಡ್ಡಿ ಇಲ್ಲದೆ, ಕಟ್ಟಿದ್ದೆಲ್ಲ ಅಸಲಿಗೇ ಹೋಯಿತೆಂದು ಹಿಡಿದು, ದರ ಮಾತ್ರ 12ರ ಬದಲು 18 ಹಾಕಿದರೆ ಬಡ್ಡಿ 53,250 ಆಗುತ್ತದೆ. ಅಂದರೆ ಹೆಚ್ಚಾದ 20,790ರಲ್ಲಿ 17,750 ರಿಯಾಯಿತಿ ಕಳೆದುಕೊಂಡದ್ದರಿಂದ. ಬಡ್ಡಿಗೆ ಬಡ್ಡಿ, ಮೊದಲು ಬಡ್ಡಿಗೆ ಮುರಿಯುವ ಕ್ರಮ, ಎರಡೂ ಸೇರಿ ಮಾಡಿದ್ದು ಬರೀ 3,040. ಊರೆಲ್ಲ ಬಯ್ಯುವ ಚಕ್ರಬಡ್ಡಿ ಇಲ್ಲಿ ಸಣ್ಣ ಕಳ್ಳ. ಆದರೆ ಒಂದು ಮಾತು. ಸಾಲ ವರ್ಷದ ನಂತರವೂ ಮುಂದುವರಿದರೆ, ಅಥವಾ ಬಡ್ಡಿ ಕಟ್ಟದೆ ಹಳೆಯ ಸಾಲ ಮುಚ್ಚಿ ಹೊಸ ನಂಬರಿನಲ್ಲಿ ನವೀಕರಿಸಿದರೆ, ಬಡ್ಡಿಯೆಲ್ಲ ಹೊಸ ಅಸಲಿನೊಳಗೆ ಸೇರಿಹೋಗುತ್ತದೆ. ಆಗ ಸಣ್ಣ ಕಳ್ಳನೂ ದೊಡ್ಡವನಾಗುತ್ತಾನೆ. ಸ್ಟೇಟ್‌ಮೆಂಟಿನಲ್ಲಿ ಸಾಲದ ನಂಬರ್ ಬದಲಾಗಿದೆಯೇ, ಆರಂಭದ ಮೊತ್ತ ನೀವು ಕೈಯಲ್ಲಿ ಪಡೆದದ್ದಕ್ಕಿಂತ ಹೆಚ್ಚಿದೆಯೇ ಎಂದು ನೋಡಿದರೆ ಇದು ತಿಳಿಯುತ್ತದೆ.

ನಮ್ಮವರ ತೊಂದರೆ ಎಲ್ಲಿ? ದಿನಸಿ ವ್ಯಾಪಾರಿಯ ಖಾತೆ ಇದ್ದಂತೆ ಇದನ್ನೂ ನಡೆಸುತ್ತೇವೆ. ವ್ಯಾಪಾರ ಚೆನ್ನಾಗಿದ್ದಾಗ ಒಂದು ಕಂತೆ ಕೊಟ್ಟುಬಿಡುವುದು, ಮಳೆಗಾಲದಲ್ಲಿ ಗಿರಾಕಿ ಕಡಿಮೆಯಾದಾಗ ಸುಮ್ಮನಿರುವುದು. ದಿನಸಿಯವನು ಇದಕ್ಕೆ ಸಂತೋಷಪಡುತ್ತಾನೆ. ಬಂಗಾರದ ಸಾಲದಲ್ಲಿ ಎಷ್ಟು ಕಟ್ಟಿದಿರಿ ಎನ್ನುವುದಕ್ಕಿಂತ ಯಾವಾಗ ಕಟ್ಟಿದಿರಿ ಎನ್ನುವುದಕ್ಕೆ ಬೆಲೆ. ಇದೇ ಸದಸ್ಯರು ಆ ಎರಡು ಐವತ್ತು ಸಾವಿರಗಳನ್ನೇ ಒಡೆದು, ಪ್ರತಿ ಮೂವತ್ತು ದಿನದೊಳಗೆ ಮೊದಲು ಬಡ್ಡಿ ನಾಲ್ಕೈದು ಸಾವಿರ ಕಟ್ಟಿ, ಉಳಿದದ್ದನ್ನು ಜೂನ್, ಸೆಪ್ಟೆಂಬರಿನಲ್ಲಿ ಅಸಲಿಗೆ ಹಾಕಿ, ಕೊನೆಯ ಮೂರು ತಿಂಗಳ ಬಡ್ಡಿಯನ್ನೂ ಹಾಗೆಯೇ ಕಟ್ಟುತ್ತ ಬಂದಿದ್ದರೆ, ಒಟ್ಟು ಬಡ್ಡಿ 36,514ಕ್ಕೆ ಮುಗಿಯುತ್ತಿತ್ತು. ದಿನಕ್ಕೆ ನೂರೈವತ್ತು, ನೂರೆಪ್ಪತ್ತು ರೂಪಾಯಿ ಗಲ್ಲಾದಿಂದ ಬೇರೆ ತೆಗೆದಿಟ್ಟರೆ ತಿಂಗಳ ಬಡ್ಡಿ ಆಯಿತು. ಒಂದು ಮಾತು ನೆನಪಿರಲಿ, ಬಡ್ಡಿಯಲ್ಲಿ ಐನೂರು ರೂಪಾಯಿ ಬಾಕಿ ಉಳಿದರೂ ಕೆಲವು ಸ್ಕೀಮಿನಲ್ಲಿ ರಿಯಾಯಿತಿ ಹೋಗುತ್ತದೆ. ಆದ್ದರಿಂದ ಅಂದಾಜಿನಲ್ಲಿ ಕಟ್ಟದೆ ಆ ದಿನದ ಪೂರ್ತಿ ಬಡ್ಡಿ ಎಷ್ಟೆಂದು ಕೇಳಿ ಕಟ್ಟಬೇಕು.

ಹಾಗೆಂದು ಸಾಲ ಕೊಡುವವರು ಸಾಚಾ ಎಂದು ನಾನು ಹೇಳುವುದಿಲ್ಲ. 50,000 ತೆಗೆದುಕೊಂಡು "ಪಾರ್ಟ್ ಪೇಮೆಂಟ್" ಎಂದಷ್ಟೇ ರಸೀದಿ ಕೊಟ್ಟರೆ ಯಾರಿಗೆ ಏನು ತಿಳಿಯಬೇಕು? ಕೌಂಟರಿನ ಹುಡುಗನಿಗೆ ಹೊಸ ಸಾಲದ ಟಾರ್ಗೆಟ್ ಇರುತ್ತದೆ, ರಿಯಾಯಿತಿ ತಪ್ಪಿತೆಂದು ಹೇಳುವ ಟಾರ್ಗೆಟ್ ಇರುವುದಿಲ್ಲ.

ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಒಂದು ತಪ್ಪು ಸುದ್ದಿ ನಮ್ಮಲ್ಲಿ ಓಡಾಡುತ್ತಿದೆ, ಚಕ್ರಬಡ್ಡಿ ನಿಷೇಧವಾಗಿದೆ ಎಂದು. ಹಾಗಿಲ್ಲ. 2023ರ ಆಗಸ್ಟಿನ ಸುತ್ತೋಲೆ ಹೇಳಿದ್ದು ದಂಡದ ಬಗ್ಗೆ. ತಡವಾದದ್ದಕ್ಕೆ ಹಾಕುವ ದಂಡವನ್ನು ಬಡ್ಡಿ ದರದ ಮೇಲೆ ಸೇರಿಸಬಾರದು, ಆ ದಂಡಕ್ಕೆ ಮತ್ತೆ ಬಡ್ಡಿ ಹಾಕಬಾರದು. ಮಾಮೂಲಿ ಬಡ್ಡಿಗೆ ಬಡ್ಡಿ ಹಾಕುವುದಕ್ಕೆ ಅದು ಅಡ್ಡ ಬರುವುದಿಲ್ಲ. ನಮಗೆ ಹೆಚ್ಚು ಉಪಯೋಗದ್ದು 2024ರ ಏಪ್ರಿಲಿನ ಇನ್ನೊಂದು ಸುತ್ತೋಲೆ. ಅದರ ಪ್ರಕಾರ 2024ರ ಅಕ್ಟೋಬರ್ ಒಂದರಿಂದ ಮಂಜೂರಾದ ಇಂಥ ಸಾಲಗಳಿಗೆ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಕಾಗದ ಕೊಡಬೇಕು. ಅದರಲ್ಲಿ ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಇರಬೇಕು, ಮತ್ತು ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಮುಂಬಯಿ, ಪುಣೆಯಲ್ಲಿ ಮೂವತ್ತು ವರ್ಷ ಇದ್ದರೂ ಇಂಗ್ಲಿಷಿನ ಸಣ್ಣ ಅಕ್ಷರ ಓದಲಾಗದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಎಷ್ಟೋ ಸಲ ಸಾಲ ಇರುವುದು ಮನೆಯ ಹೆಂಗಸರ ಹೆಸರಿನಲ್ಲಿ, ಅವರು ಓದುವುದು ಕನ್ನಡ. ಕನ್ನಡದಲ್ಲಿ ಕೊಡಿ ಎಂದು ಕೇಳಲು ನಾಚಿಕೆ ಏಕೆ?

ನಮ್ಮ ಸಂಘದವರಲ್ಲಿ ನನ್ನ ವಿನಂತಿ ಇಷ್ಟು. ಸದಸ್ಯರು ಹೆಚ್ಚಾಗಿ ವ್ಯವಹರಿಸುವ ನಾಲ್ಕೈದು ಕಂಪನಿಗಳಿಗೆ ಸಂಘದ ಲೆಟರ್‌ಹೆಡ್‌ನಲ್ಲಿ ಪತ್ರ ಹೋಗಲಿ: ಪಾರ್ಟ್ ಪೇಮೆಂಟ್ ರಸೀದಿಯಲ್ಲಿ ಬಡ್ಡಿಗೆ ಎಷ್ಟು, ಅಸಲಿಗೆ ಎಷ್ಟು, ಉಳಿದ ಅಸಲು ಎಷ್ಟು, ಇಂದಿನಿಂದ ಯಾವ ದರ ನಡೆಯುತ್ತದೆ, ಈ ನಾಲ್ಕು ಅಂಕಿ ಬರೆದು ಕೊಡಬೇಕು. ಸದಸ್ಯರಿಗೆ ಲೆಕ್ಕದಲ್ಲಿ ಸಂಶಯ ಬಂದರೆ ಜಗಳ ಮಾಡದೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಲಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಗಲ್ಲಿಯ ಗಿರವಿ ಅಂಗಡಿಯವನ ಮೇಲೆ ಮಾತ್ರ ಈ ದೂರು ನಡೆಯುವುದಿಲ್ಲ. ಅಲ್ಲಿ ಇಡುವವರು ಅದನ್ನು ತಿಳಿದೇ ಇಡಲಿ.