ರಾತ್ರಿ ಮೀಟರ್ ಹೇಳಿದ ಗುಟ್ಟು

ಮಕ್ಕಳೇ, ಹಗಲಿನಲ್ಲಿ ವಿದ್ಯುತ್ ಮೀಟರ್ ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಫ್ಯಾನು, ದೀಪ, ಪಂಪು, ಮಿಕ್ಸಿ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಸಂತೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳೀತೇ? ಎಲ್ಲರೂ ಮಲಗಿದ ಮೇಲೆ ನೋಡಬೇಕು. ಆಗಲೂ ಮೀಟರ್ ಜೋರಾಗಿ ಓಡುತ್ತಿದ್ದರೆ, ಯಾವುದೋ ಯಂತ್ರ ಯಾರಿಗೂ ಬೇಡದ ಕೆಲಸ ಮಾಡುತ್ತಿರಬಹುದು.

ನಮ್ಮ ಬಡಾವಣೆಯ ಪುಟ್ಟ ಶಾಲೆಯೊಂದರಲ್ಲಿ ಹೀಗೇ ಆಯಿತು. ಕರೆಂಟ್ ಬಿಲ್ ಏರುತ್ತಲೇ ಇತ್ತು. ತಪ್ಪೆಲ್ಲ ತರಗತಿಯ ಫ್ಯಾನುಗಳದ್ದೇ ಎಂದುಕೊಂಡು, ಮಧ್ಯಾಹ್ನ ಅವನ್ನು ನಿಲ್ಲಿಸುವ ಯೋಚನೆ ನಡೆದಿತ್ತು. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಮಕ್ಕಳು ಕೂರುವುದು ಹೇಗೆ? "ಮೊದಲು ರಾತ್ರಿಯ ಲೆಕ್ಕ ನೋಡೋಣ ಮೇಡಂ" ಎಂದೆ. ಮುಖ್ಯೋಪಾಧ್ಯಾಯಿನಿ ಒಪ್ಪಿದರು.

ರಾತ್ರಿ 10 ಗಂಟೆಗೆ ಕಾವಲುಗಾರರ ಜೊತೆ ಹೋಗಿ ಮೀಟರ್ ನೋಡಿದೆ. ಅದರ ಪರದೆಯಲ್ಲಿ ಹಲವು ಅಂಕಿಗಳು ಒಂದಾದ ಮೇಲೊಂದು ಬರುತ್ತವೆ. ಪಕ್ಕದಲ್ಲಿ kWh ಎಂದಿರುವುದೇ ನಮಗೆ ಬೇಕಾದ ಯೂನಿಟ್. ಆಗ 18452.3 ಇತ್ತು. ಬೆಳಿಗ್ಗೆ 6 ಗಂಟೆಗೆ 18461.9. ಎಂಟು ಗಂಟೆಗಳಲ್ಲಿ 9.6 ಯೂನಿಟ್, ಅಂದರೆ ಗಂಟೆಗೆ 1.2 ಯೂನಿಟ್. ಇದು 1200 ವ್ಯಾಟ್‌ಗೆ ಸಮ.

ರಾತ್ರಿ ನಿಜವಾಗಿ ಬೇಕಾದದ್ದು ಎಷ್ಟು? ಹೊರಗಿನ ದೀಪಗಳಿಗೆ ಸುಮಾರು 120 ವ್ಯಾಟ್, ಕ್ಯಾಮೆರಾಗಳಿಗೆ ಸುಮಾರು 80. ಒಟ್ಟು 200. ಹಾಗಾದರೆ ಉಳಿದ 1000 ವ್ಯಾಟ್ ಎಲ್ಲಿಗೆ ಹೋಯಿತು? ರಾತ್ರಿ ಫ್ಯಾನುಗಳೆಲ್ಲ ಆರಿಯೇ ಇದ್ದವು. ಈ ಕಳ್ಳತನ ಅವುಗಳದ್ದಲ್ಲ!

ಎಷ್ಟು ಪೋಲಾಗುತ್ತಿದೆ ಎಂದು ರೀಡಿಂಗ್ ಹೇಳುತ್ತದೆ. ಯಾರಿಂದ ಎಂದು ಹೇಳುವುದಿಲ್ಲ. ಅದಕ್ಕೆ ಮೀಟರಿನಲ್ಲಿ ಮಿನುಗುವ ಪುಟ್ಟ ಕೆಂಪು ದೀಪದ ಸಹಾಯ ಬೇಕು. ಆ ಮೀಟರಿನ ಮೇಲೆ 3200 imp/kWh ಎಂದಿತ್ತು. ಅಂದರೆ 3200 ಸಲ ಮಿನುಗಿದರೆ ಒಂದು ಯೂನಿಟ್. ಮರುದಿನ ರಾತ್ರಿ ಒಂದು ನಿಮಿಷ ಎಣಿಸಿದೆವು: 64 ಸಲ. ಅದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಮತ್ತೆ 1.2! ಅರ್ಧ ಗಂಟೆಯ ಮೇಲೆ ಎಣಿಸಿದಾಗಲೂ 64. ಹಾಗಾಗಿ ಕಳ್ಳ ಬಂದು ಹೋಗುವವನಲ್ಲ, ರಾತ್ರಿಯಿಡೀ ಕೂತೇ ಇರುವವನು.

ಬಳಿಕ ಎಲೆಕ್ಟ್ರಿಷಿಯನ್ ಒಂದೊಂದೇ ಸ್ವಿಚ್ ಆಫ್ ಮಾಡುತ್ತಾ ಹೋದರು. ಕಂಪ್ಯೂಟರ್ ಕೋಣೆಯದು ಆಫ್ ಆದಾಗ 64 ಇದ್ದದ್ದು 40ಕ್ಕೆ ಇಳಿಯಿತು. ಪರದೆಗಳು ಕಪ್ಪಾಗಿದ್ದರೂ ಕಂಪ್ಯೂಟರುಗಳು ಪೂರ್ತಿ ಆರಿರಲಿಲ್ಲ. ಅವಕ್ಕೆ ವಿದ್ಯುತ್ ಒದಗಿಸುವ ದೊಡ್ಡ ಯುಪಿಎಸ್ ಬಿಸಿಯಾಗುತ್ತಾ ತಾನೂ ಕರೆಂಟ್ ತಿನ್ನುತ್ತಿತ್ತು. ಕುಡಿಯುವ ನೀರಿನ ಕೂಲರ್ ಆಫ್ ಮಾಡಿದಾಗ 40 ಇದ್ದದ್ದು 12ಕ್ಕೆ ಬಂತು.

ಕೂಲರ್ ಯಾಕೆ ಸಿಕ್ಕಿಬಿತ್ತು ಗೊತ್ತೇ? ಸರಿಯಾದ ಕೂಲರ್ ನೀರು ತಣ್ಣಗಾದ ಮೇಲೆ ತಾನೇ ನಿಲ್ಲುತ್ತದೆ. ನೀರು ಬೆಚ್ಚಗಾದಾಗ ಮತ್ತೆ ಓಡುತ್ತದೆ. ಇದು ನಿಲ್ಲುತ್ತಲೇ ಇರಲಿಲ್ಲ. ಆದರೂ ಬೆಳಿಗ್ಗೆ ನೀರು ತಂಪಿಲ್ಲವೆಂದು ಮಕ್ಕಳು ದೂರುತ್ತಿದ್ದರು. ರಾತ್ರಿಯಿಡೀ ಓಡಿಯೂ ತಣಿಸಲಾಗದಿದ್ದರೆ ಒಳಗಿನ ಗ್ಯಾಸ್ ಕಡಿಮೆಯಾಗಿರಬಹುದು. ಮೆಕ್ಯಾನಿಕ್ ನೋಡಿದಾಗ ಕೊಳವೆಯಲ್ಲಿ ಸಣ್ಣ ಸೋರಿಕೆ ಸಿಕ್ಕಿತು. ಅದನ್ನು ಮುಚ್ಚಿ ಗ್ಯಾಸ್ ತುಂಬಿದರು.

ಈಗ ಸಂಜೆ ಕಂಪ್ಯೂಟರ್ ಕೋಣೆಯ ಸ್ವಿಚ್ ಆರುತ್ತದೆ, ಕೂಲರ್ ಕೂಡ. ರಾತ್ರಿಯ ಖರ್ಚು 1.8 ಯೂನಿಟ್‌ಗೆ ಇಳಿದಿದೆ. ಒಂದು ರಾತ್ರಿಗೆ 7.8 ಯೂನಿಟ್ ಉಳಿದರೆ 30 ರಾತ್ರಿಗೆ 234. ಬೆಳಿಗ್ಗೆ ನೀರು ಮತ್ತೆ ತಣಿಸಲು ಕೂಲರ್ ಇದರಲ್ಲಿ ಸ್ವಲ್ಪ ವಾಪಸ್ ಪಡೆಯುತ್ತದೆ, ನಿಜ. ಆದರೂ ಫ್ಯಾನುಗಳು ನಿಶ್ಚಿಂತೆಯಿಂದ ತಿರುಗುತ್ತಿವೆ.

ಮನೆಯಲ್ಲಿ ನೀವೂ ನೋಡಬಹುದು. ಮಲಗುವ ಮುಂಚೆ ಒಂದು ರೀಡಿಂಗ್ ಬರೆದಿಡಿ. ಬೆಳಗಿನ ರೀಡಿಂಗನ್ನು ಬೇಗ ಏಳುವ ಅಜ್ಜ ಅಥವಾ ಅಜ್ಜಿ ಬರೆಯಲಿ, ಪಂಪು, ಗೀಸರ್ ಹಾಕುವ ಮೊದಲೇ. ಮನೆಯ ಫ್ರಿಜ್ ನಿಂತು ನಿಂತು ಓಡುವುದರಿಂದ ಒಂದು ನಿಮಿಷದ ಎಣಿಕೆಯನ್ನೇ ನಂಬಬೇಡಿ, ಇಡೀ ರಾತ್ರಿಯ ಲೆಕ್ಕ ಹಿಡಿಯಿರಿ. ಸೆಕೆ ಇರುವ ರಾತ್ರಿ ಓಡಿದ ಫ್ಯಾನುಗಳನ್ನು ಲೆಕ್ಕದಿಂದ ಕಳೆಯಿರಿ. ಮೀಟರನ್ನು ನೋಡಿ ಬರೆಯುವುದಷ್ಟೇ ನಿಮ್ಮ ಕೆಲಸ. ಪೆಟ್ಟಿಗೆ ತೆರೆಯುವುದು, ತಂತಿ ಮುಟ್ಟುವುದು ಎಲೆಕ್ಟ್ರಿಷಿಯನ್‌ಗೆ ಬಿಟ್ಟದ್ದು.