ತಲೆ ಎಣಿಸಬೇಡಿ, ವೃಂದವಾರು ಲೆಕ್ಕ ಕೊಡಿ

ವಿಜಯಪುರ ಶಹರ, ತಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳ ಬಂಧು-ಭಗಿನಿಯರೇ,

ಉತಾರಕ್ಕೆ, ಜಾತಿ ಪ್ರಮಾಣಪತ್ರಕ್ಕೆ, ವಿಧವಾ ವೇತನಕ್ಕೆ ನಾವೆಲ್ಲ ಕಚೇರಿಯ ಮೆಟ್ಟಿಲು ಹತ್ತುತ್ತೇವೆ. ಮೇಜಿನ ಆಚೆ ಕುಳಿತವರು ಈಚೆ ನಿಂತ ಸಮಾಜದಿಂದಲೇ ಬಂದವರಾಗಿರಬೇಕೇ? ಹೌದು, ಇರಬೇಕು ಎಂಬುದು ನಮ್ಮ ನಿಲುವು. ಆದರೆ ಈ ಕರಪತ್ರ ಮೀಸಲಾತಿ ಬೇಕೋ ಬೇಡವೋ ಎಂಬ ಹಳೆಯ ಜಗಳಕ್ಕಾಗಿ ಬರೆದದ್ದಲ್ಲ. ಲೆಕ್ಕವನ್ನು ಯಾವ ರೀತಿ ಹಿಡಿಯುತ್ತಾರೆ ಎಂಬುದರ ಮೇಲೆ ಇಡೀ ಪ್ರಶ್ನೆ ನಿಂತಿದೆ, ಮತ್ತು ಆ ಲೆಕ್ಕವನ್ನು ನಾವು ಇನ್ನೂ ಕೇಳಿಯೇ ಇಲ್ಲ.

ಒಂದು ಕಚೇರಿಯಲ್ಲಿ 100 ಜನ ನೌಕರರಿದ್ದಾರೆ ಅಂದುಕೊಳ್ಳಿ. ಅಧಿಕಾರಿಗಳು, ಗುಮಾಸ್ತರು ಸೇರಿ 60. ಕಸ ಗುಡಿಸುವವರು, ಜವಾನರು, ಕಾವಲುಗಾರರು ಸೇರಿ 40. ಪರಿಶಿಷ್ಟ ಜಾತಿಯವರು ಒಟ್ಟು 17 ಮಂದಿ. ಕರ್ನಾಟಕದಲ್ಲಿ ಈಗ ಪರಿಶಿಷ್ಟ ಜಾತಿಯ ಮೀಸಲು ಶೇ 17. ಹಾಗಾದರೆ ಲೆಕ್ಕ ಸರಿಹೋಯಿತು, ವರದಿಗೆ ಸಹಿ ಬಿತ್ತು. ಆದರೆ ಆ 17ರಲ್ಲಿ 13 ಜನ ಕೆಳಗಿನ 40ರಲ್ಲೇ ಇದ್ದರೆ? ಮೇಲಿನ 60ರಲ್ಲಿ ಉಳಿದದ್ದು ನಾಲ್ವರು, ಅಂದರೆ ಶೇ 7ಕ್ಕಿಂತ ಕಡಿಮೆ. ಕಸಬರಿಗೆ ಹಿಡಿದವರನ್ನು ತೋರಿಸಿ ಪೆನ್ನು ಹಿಡಿದವರ ಕೊರತೆ ಮುಚ್ಚುವುದು ಇಷ್ಟು ಸಲೀಸು.

ಇದು ಬರೀ ಕಾಗದದ ಮೇಲಿನ ಉದಾಹರಣೆಯಲ್ಲ. ನಮ್ಮ ರಾಜ್ಯ ಇದೇ ಲೆಕ್ಕದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಎರಡು ಸಲ ನಿಂತಿದೆ. ಮೀಸಲಾತಿಯಲ್ಲಿ ಬಡ್ತಿ ಪಡೆದವರಿಗೆ ಆ ಬಡ್ತಿಯ ಜೊತೆಗೇ ಜ್ಯೇಷ್ಠತೆಯನ್ನೂ ಕೊಡುವ 2002ರ ಕಾಯ್ದೆ ನಮ್ಮಲ್ಲಿತ್ತು. ಬಿ.ಕೆ. ಪವಿತ್ರಾ ಪ್ರಕರಣದಲ್ಲಿ 2017ರ ಫೆಬ್ರುವರಿಯಲ್ಲಿ ಅದು ಬಿದ್ದುಹೋಯಿತು. ಪ್ರಾತಿನಿಧ್ಯ ಕಡಿಮೆ ಇದೆ ಎನ್ನಲು ಸರ್ಕಾರ ಅಂಕಿಅಂಶ ಕೂಡಿಸಿರಲಿಲ್ಲ ಎಂಬುದೇ ಕಾರಣ. ಹದಿನೈದು ವರ್ಷ ಕಾಯ್ದೆ ನಡೆದಿತ್ತು, ಎಣಿಕೆ ಮಾತ್ರ ನಡೆದಿರಲಿಲ್ಲ. ಆಮೇಲೆ ಸರ್ಕಾರ ನೇಮಿಸಿದ ರತ್ನಪ್ರಭಾ ಸಮಿತಿ ಇಲಾಖೆಗಳ ಲೆಕ್ಕ ತೆಗೆಸಿತು. ಎ, ಬಿ, ಸಿ ಗುಂಪುಗಳಲ್ಲಿ ಪ್ರಾತಿನಿಧ್ಯ ಸಾಲದು, ಡಿ ಗುಂಪಿನಲ್ಲಿ ಮಾತ್ರ ಸಾಕಷ್ಟಿದೆ ಎಂಬುದು ಅದಕ್ಕೆ ಕಂಡದ್ದು. ಆ ವರದಿಯ ಆಧಾರದ ಮೇಲೆ ಬಂದ 2018ರ ಕಾಯ್ದೆಯನ್ನು ನ್ಯಾಯಾಲಯ 2019ರ ಮೇ 10ರಂದು ಎತ್ತಿಹಿಡಿಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2022ರ ಜನವರಿ 28ರಂದು ಜರ್ನೈಲ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಗುಂಪುವಾರು ಲೆಕ್ಕವೂ ಸಾಲದು, ವೃಂದವಾರು ಲೆಕ್ಕವೇ ಬೇಕು ಎಂದಿತು. ಕರ್ನಾಟಕದ ಗುಂಪುವಾರು ಅಂಕಿಗಳನ್ನು ಒಪ್ಪಿಕೊಂಡಿದ್ದ ತನ್ನ ಹಿಂದಿನ ಮಾತು ಸರಿಯಲ್ಲ ಎಂದೂ ಹೇಳಿತು. ವೃಂದ ಅಂದರೆ ಒಂದೇ ದರ್ಜೆಯ, ಒಂದೇ ಜ್ಯೇಷ್ಠತಾ ಪಟ್ಟಿಯ ಹುದ್ದೆಗಳು: ದ್ವಿತೀಯ ದರ್ಜೆ ಸಹಾಯಕರು ಒಂದು ವೃಂದ, ಪ್ರಥಮ ದರ್ಜೆಯವರು ಇನ್ನೊಂದು, ತಹಶೀಲ್ದಾರರು ಮತ್ತೊಂದು. 'ಸಿ' ಗುಂಪಿನಲ್ಲಿ ವಾಹನ ಚಾಲಕರೂ ಇದ್ದಾರೆ, ಪ್ರಥಮ ದರ್ಜೆ ಸಹಾಯಕರೂ ಇದ್ದಾರೆ. ಎರಡನ್ನೂ ಕೂಡಿಸಿ ಶೇಕಡಾ ತೆಗೆದರೆ ಮೇಲೆ ಹೇಳಿದ 17ರ ಆಟವೇ ಮತ್ತೆ ನಡೆಯುತ್ತದೆ. ಈ ತೀರ್ಪನ್ನು ಮೀಸಲಾತಿಗೆ ಬಿದ್ದ ಪೆಟ್ಟು ಎಂದು ಬೇಸರಪಟ್ಟವರು ಬಹಳ. ನಮಗೆ ಹಾಗನಿಸುವುದಿಲ್ಲ. ಕೊರತೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಲ್ಲ ಲೆಕ್ಕ ಅದೊಂದೇ.

"ಹೀಗೆ ಕುರ್ಚಿ ಹಂಚುತ್ತ ಹೋದರೆ ಯೋಗ್ಯತೆಯ ಗತಿಯೇನು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನೂರು ವರ್ಷಕ್ಕಿಂತ ಹಳೆಯದು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿಯ ಮುಂದೆಯೂ ಅದು ಬಂದಿತ್ತು. ದಕ್ಷತೆಯನ್ನು ಪರೀಕ್ಷೆಯ ಅಂಕದಿಂದಷ್ಟೇ ಅಳೆಯಬಾರದು, ಜನರ ಕಷ್ಟ ಅರಿಯುವ ಮನಸ್ಸು, ಪ್ರಾಮಾಣಿಕತೆ, ವ್ಯವಹಾರಜ್ಞಾನ ಇವೂ ಅದರ ಭಾಗ ಎಂಬುದು ಸಮಿತಿಯ ಉತ್ತರ. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಅದು ಹೇಳಿತು. ಮೇಲಿನದಕ್ಕೂ ಕೆಳಗಿನದಕ್ಕೂ ಬೇರೆ ಬೇರೆ ಲೆಕ್ಕ ಎಂಬುದನ್ನು ಗಮನಿಸಿ. ಈಚಿನ ಸಾಕ್ಷ್ಯವೂ ಇದೆ: ಐಎಎಸ್ ಅಧಿಕಾರಿಗಳ ಕೆಲಸವನ್ನು ಉದ್ಯೋಗ ಖಾತ್ರಿಯ ಅನುಷ್ಠಾನದಲ್ಲಿ ಅಳೆದು ನೋಡಿದ ರಿಖಿಲ್ ಭಾವನಾನಿ ಮತ್ತು ಅಲೆಕ್ಸಾಂಡರ್ ಲೀ ಅವರಿಗೆ, ಮೀಸಲಾತಿಯಲ್ಲಿ ಬಂದವರು ಉಳಿದವರಿಗಿಂತ ಹಿಂದೆ ಬಿದ್ದದ್ದು ಕಾಣಲಿಲ್ಲ.

ಮಿಲ್ಲರ್ ಸಮಿತಿಯ ಕಾಲದಲ್ಲಿ ನಮ್ಮ ಜಿಲ್ಲೆ ಮೈಸೂರಿನದಲ್ಲ, ಮುಂಬಯಿ ಪ್ರಾಂತದ್ದು. 1928ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಹಿಂದುಳಿದ ವರ್ಗಗಳ ಸಮಿತಿಯ ಅಧ್ಯಕ್ಷ ಓ.ಎಚ್.ಬಿ. ಸ್ಟಾರ್ಟ್, 'ಅಪರಾಧಿ ಬುಡಕಟ್ಟು' ಎಂಬ ಮುದ್ರೆ ಹೊತ್ತವರ ವಿಜಯಪುರದ ಸೆಟ್ಲ್‌ಮೆಂಟಿನಲ್ಲಿ ಕೆಲಸ ಮಾಡಿದ ಅಧಿಕಾರಿ. ಡಾ. ಅಂಬೇಡ್ಕರ್ ಆ ಸಮಿತಿಯ ಸದಸ್ಯರಾಗಿದ್ದರು. ದಲಿತ ವರ್ಗ, ಬುಡಕಟ್ಟು, ಇತರ ಹಿಂದುಳಿದ ವರ್ಗ ಎಂದು ಮೂರಾಗಿ ಬಿಡಿಸಿ ನೋಡಬೇಕೆಂದು ಅದು 1930ರಲ್ಲಿ ವರದಿ ಕೊಟ್ಟಿತು. ಎಲ್ಲರನ್ನೂ ಒಂದೇ ಮೊತ್ತಕ್ಕೆ ಸೇರಿಸಿದರೆ ಯಾರಿಗೆ ಏನೂ ಸಿಗಲಿಲ್ಲ ಎಂಬುದು ಮರೆಯಾಗುತ್ತದೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದೇನಲ್ಲ. 2025ರ ಆಗಸ್ಟ್‌ನಲ್ಲಿ ರಾಜ್ಯ ಸಂಪುಟ ಶೇ 17ನ್ನು 6, 6, 5 ಎಂದು ಒಳಗೇ ಹಂಚಲು ತೀರ್ಮಾನಿಸಿದ ಮೇಲಂತೂ ತಾಂಡಾದವರ, ಎಡಗೈಯವರ, ಬಲಗೈಯವರ, ಅಲೆಮಾರಿಗಳ ಲೆಕ್ಕ ಬೇರೆ ಬೇರೆ ಬರೆಯದೆ ಗತ್ಯಂತರವಿಲ್ಲ.

ಒಂದು ಮಾತು ಸ್ಪಷ್ಟವಿರಲಿ. ನಮ್ಮ ಪೈಕಿಯವನು ಕುರ್ಚಿಯಲ್ಲಿದ್ದರೆ ನಮ್ಮ ಕೆಲಸ ಆಗುತ್ತದೆ ಎಂಬುದು ನಮ್ಮ ವಾದವಲ್ಲ. ಹಾಗೆ ಆಗಲೂಬಾರದು, ಎಷ್ಟೋ ಸಲ ಆಗುವುದೂ ಇಲ್ಲ. ಹತ್ತು ಜನರ ನಡುವೆ ಒಬ್ಬನೇ ಇರುವವನು ಪಕ್ಷಪಾತದ ಮಾತು ಬಂದೀತೆಂದು ಹೆಚ್ಚೇ ಬಿಗಿಯಾಗುತ್ತಾನೆ. ನಾಲ್ಕಾರು ಜನರಿದ್ದಾಗ ಆ ಅಂಜಿಕೆ ಇರುವುದಿಲ್ಲ. ಲಂಬಾಣಿ ಮಾತಷ್ಟೇ ಬಲ್ಲ ಅಜ್ಜಿಯ ಅರ್ಜಿ, ಉರ್ದುವಿನಲ್ಲಿ ಹೆಸರು ಹೇಳುವ ಹೆಣ್ಣುಮಗಳ ಅರ್ಜಿ ತಪ್ಪು ಹೆಸರಿನಿಂದ ತಿರಸ್ಕೃತವಾಗುವ ಮೊದಲೇ ಯಾರಾದರೂ ಒಬ್ಬರು ಸರಿ ಬರೆದುಕೊಳ್ಳುತ್ತಾರೆ.

ಹಾಗೆಂದು ತಿಕೋಟಾದ ತಹಶೀಲ್ದಾರ್ ಕಚೇರಿ ತಿಕೋಟಾದ ಜನಗಣತಿಯಂತೆಯೇ ಇರಲಿ ಎಂದು ಹಟ ಹಿಡಿಯಲಾಗದು. ಗ್ರಾಮ ಆಡಳಿತಾಧಿಕಾರಿಗಳನ್ನು ಜಿಲ್ಲಾವಾರು ನೇಮಿಸುತ್ತಾರೆ, ತಹಶೀಲ್ದಾರರ ವೃಂದ ಇಡೀ ರಾಜ್ಯದ್ದು. ರೋಸ್ಟರ್ ಬಿಂದು ವೃಂದಕ್ಕೆ ಅನ್ವಯಿಸುತ್ತದೆ, ಕಟ್ಟಡಕ್ಕಲ್ಲ. ಆದ್ದರಿಂದ ಕೇಳಬೇಕಾದ್ದು ಎರಡು ಸಂಗತಿ. ವೃಂದದಲ್ಲಿ ಯಾರೆಷ್ಟು ಜನ ಎಂಬುದು ಒಂದು. ಆ ವೃಂದದವರನ್ನು ಯಾವ ಕಚೇರಿಯ ಯಾವ ಶಾಖೆಗೆ ಹಾಕಿದ್ದಾರೆ ಎಂಬುದು ಇನ್ನೊಂದು. ರೋಸ್ಟರ್ ಪಕ್ಕಾ ಇದ್ದೂ, ಮೀಸಲಿನಲ್ಲಿ ಬಂದವರನ್ನೆಲ್ಲ ಆವಕ-ಜಾವಕ ಶಾಖೆಗೆ ತಳ್ಳಿ, ಭೂಮಿ ಶಾಖೆಯನ್ನು ಬೇರೆಯವರಿಗೆ ಬಿಡಲು ಯಾವ ನಿಯಮವೂ ಅಡ್ಡ ಬರುವುದಿಲ್ಲ. ಹೊರಗುತ್ತಿಗೆಯ ಡಾಟಾ ಎಂಟ್ರಿಯವರದಂತೂ ಇನ್ನೊಂದೇ ಕತ್ತಲು. ಅಲ್ಲಿಯೂ ಮೀಸಲಾತಿ ಪಾಲಿಸಬೇಕೆಂದು ಸರ್ಕಾರ 2024ರ ಮೇ ತಿಂಗಳಲ್ಲಿ ಆದೇಶಿಸಿದೆ.

ಜಿಲ್ಲಾಧಿಕಾರಿಗಳ ಕಚೇರಿ, ಜಿಲ್ಲಾ ಪಂಚಾಯತಿ, ವಿಜಯಪುರ ಮಹಾನಗರ ಪಾಲಿಕೆ ಈ ಮೂರೂ ಕಡೆ ನಾವು ಒತ್ತಾಯಿಸುವುದು ಇಷ್ಟೇ: ಪ್ರತಿ ವೃಂದಕ್ಕೆ ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆ, ಪ್ರವರ್ಗವಾರು ಮತ್ತು ಮಹಿಳೆಯರ ಸಂಖ್ಯೆ, ಬ್ಯಾಕ್‌ಲಾಗ್, ಶಾಖಾವಾರು ನಿಯೋಜನೆ, ಹೊರಗುತ್ತಿಗೆಯ ಸಂಖ್ಯೆ. ಯಾವ ನೌಕರರ ಹೆಸರೂ ಬೇಡ. ವರ್ಷಕ್ಕೊಮ್ಮೆ ನೋಟಿಸ್ ಬೋರ್ಡಿಗೆ ಹಚ್ಚಿದರೆ ಸಾಕು.

ಅಲ್ಲಿಯವರೆಗೆ ನೀವೇ ಕೇಳಿ. ಮಾಹಿತಿ ಹಕ್ಕಿನ ನಮೂನೆ 'ಎ'ಯಲ್ಲಿ, ಒಂದೇ ವಿಷಯ, 150 ಪದದೊಳಗೆ ಬರೆಯಿರಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಬಿಪಿಎಲ್ ಕಾರ್ಡಿನವರು ಅದರ ಪ್ರತಿ ಇಟ್ಟರೆ ಶುಲ್ಕವಿಲ್ಲ. "ತಮ್ಮ ಕಚೇರಿಯ ದ್ವಿತೀಯ ದರ್ಜೆ ಸಹಾಯಕರ ವೃಂದದ ರೋಸ್ಟರ್ ವಹಿಯ ದೃಢೀಕೃತ ಪ್ರತಿ ಕೊಡಿ" ಎಂಬ ಒಂದು ವಾಕ್ಯ ಸಾಕು. ಎಲ್ಲ ವೃಂದ ಒಂದೇ ಅರ್ಜಿಯಲ್ಲಿ ಕೇಳಿದರೆ ವಿಷಯ ಒಂದಲ್ಲವೆಂದು ಹಿಂದಿರುಗಿಸಿಯಾರು; ಒಬ್ಬೊಬ್ಬರು ಒಂದೊಂದು ವೃಂದ ಹಂಚಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ, ಸ್ವೀಕೃತಿ ಪಡೆದುಕೊಳ್ಳಿ.